ಒಂದೇ ತಿಂಗಳಲ್ಲಿ ಮೂವರು ಸಿಬಿಲ್ ಕೇಳಿದರು: ಪುಣೆಯ ಒಂದು ಪ್ರಕರಣ

ಈ ಪ್ರಕರಣ ಪುಣೆಯಲ್ಲಿ ಆಗಾಗ ಎದುರಾಗುವ ಹಲವು ಸಂಗತಿಗಳನ್ನು ಸೇರಿಸಿ ಕಟ್ಟಿದ್ದು. ಅದರ ಕೇಂದ್ರದಲ್ಲಿರುವವರು ವಿಜಯಪುರ ಕಡೆಯ 32 ವರ್ಷದ ಮಹಿಳೆ, ಅಕೌಂಟೆಂಟ್. ಏಳೆಂಟು ವರ್ಷದಿಂದ ಹಡಪ್ಸರ್‌ನಲ್ಲಿ ಬಾಡಿಗೆಗೆ ಇದ್ದಾರೆ. ವರ್ಷಕ್ಕೆ 9 ಲಕ್ಷ ಸಂಬಳದ ಹೊಸ ಕೆಲಸ ಸಿಕ್ಕಿದೆ. ಕೆಲಸ ಕೊಟ್ಟಿರುವುದು ಬಾಣೇರ್‌ನಲ್ಲಿ ಕಚೇರಿ ಇರುವ ಒಂದು ಫೈನಾನ್ಸ್ ಕಂಪನಿ. ಓಡಾಟ ತಪ್ಪಲಿ ಎಂದು ವಾಕಡ್‌ನಲ್ಲಿ ಮನೆ ನೋಡಿದ್ದಾರೆ. ಸಂಬಳ ಹೆಚ್ಚಾಯಿತಲ್ಲ ಎಂದು 1 ಕೋಟಿಯ ಟರ್ಮ್ ವಿಮೆಗೂ ಅರ್ಜಿ ಹಾಕಿದ್ದಾರೆ. ಹೀಗಾಗಿ ಒಂದೇ ತಿಂಗಳಲ್ಲಿ ಮೂರು ಕಡೆಯಿಂದ ಒಂದೇ ಮಾತು ಬಂತು: ಸಿಬಿಲ್ ರಿಪೋರ್ಟ್ ಕೊಡಿ. ಸಾಲ, ಕ್ರೆಡಿಟ್ ಕಾರ್ಡುಗಳ ಬಾಕಿಯನ್ನು ನಾವು ಹೇಗೆ ತೀರಿಸಿದ್ದೇವೆ ಎನ್ನುವ ದಾಖಲೆ ಅದು.

ಅಲ್ಲಿಯತನಕ ರಿಪೋರ್ಟ್ ತೆಗೆದು ನೋಡಿರಲಿಲ್ಲ. ತೆಗೆದಾಗ ಸ್ಕೋರ್ 628. ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಹೋಗುತ್ತದೆ. 628 ಎಂದರೆ ಬ್ಯಾಂಕಿನವರು ಮುಖ ಸಿಂಡರಿಸುವ ಮಟ್ಟ. ಸಾಲದ ಕಂತು ಒಂದೂ ತಪ್ಪಿಸದವರಿಗೆ ಇದು ಹೇಗಾಯಿತು ಎನ್ನುವುದಕ್ಕೆ ಆಮೇಲೆ ಬರೋಣ. ಕೇಳಿದ ಮೂವರಲ್ಲಿ ಯಾರಿಗೆ ಈ ಕಾಗದ ನೋಡುವ ಹಕ್ಕಿದೆ ಎನ್ನುವುದು ಮೊದಲು ಇತ್ಯರ್ಥವಾಗಬೇಕು.

ಕೀಲಿ ಯಾರ ಕೈಯಲ್ಲಿದೆ

ನಮ್ಮ ದೇಶದಲ್ಲಿ ಇದನ್ನು ನಿರ್ಧರಿಸುವುದು 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆ. ಮಾಹಿತಿ ಇಟ್ಟುಕೊಳ್ಳುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಜನರ ಬಾಯಲ್ಲಿ ನಾಲ್ಕೂ ‘ಸಿಬಿಲ್’ ಆಗಿಬಿಟ್ಟಿವೆ. ಇವುಗಳಿಂದ ನಿಮ್ಮ ವಿವರ ತರಿಸಿಕೊಳ್ಳುವ ಹಕ್ಕಿರುವುದು ಕಾನೂನು ಹೆಸರಿಸಿದ ಬಳಕೆದಾರರಿಗೆ ಮಾತ್ರ. ಆ ಪಟ್ಟಿಯಲ್ಲಿ ಮೊದಲಿಗೆ ಸಾಲ ಕೊಡುವವರು ಬರುತ್ತಾರೆ: ಬ್ಯಾಂಕು, ಸಹಕಾರಿ ಬ್ಯಾಂಕು, ಫೈನಾನ್ಸ್ ಕಂಪನಿ, ಹೌಸಿಂಗ್ ಫೈನಾನ್ಸ್, ಕ್ರೆಡಿಟ್ ಕಾರ್ಡ್ ಕಂಪನಿ. ರಿಸರ್ವ್ ಬ್ಯಾಂಕಿನ 2006ರ ನಿಯಮಗಳು ಇದಕ್ಕೆ ವಿಮಾ ಕಂಪನಿ, ಮೊಬೈಲ್ ಮತ್ತು ಫೋನ್ ಕಂಪನಿ, ರೇಟಿಂಗ್ ಸಂಸ್ಥೆ, ಸೆಬಿಯಲ್ಲಿ ನೋಂದಾಯಿಸಿದ ಬ್ರೋಕರ್ ಮುಂತಾದವರನ್ನು ಸೇರಿಸಿವೆ.

ಈ ಪಟ್ಟಿಯಲ್ಲಿ ಮನೆ ಮಾಲೀಕ ಇಲ್ಲ. ಕೆಲಸ ಕೊಡುವವರೂ, ಕೆಲಸ ಕೊಡುತ್ತಾರೆ ಎನ್ನುವ ಕಾರಣಕ್ಕೆ, ಇಲ್ಲ.

ಹಕ್ಕಿಲ್ಲದವರು ನೋಡಿದರೆ ಏನು? ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಅಂಥ ಪ್ರತಿ ಅಪರಾಧಕ್ಕೆ 1 ಲಕ್ಷ ರೂಪಾಯಿವರೆಗೆ ದಂಡ ಇದೆ. ನೋಡುವುದನ್ನು ಮುಂದುವರಿಸಿದರೆ ದಿನಕ್ಕೆ 10 ಸಾವಿರದವರೆಗೆ ಬೇರೆ. ದಂಡಕ್ಕಿಂತ ಮುಖ್ಯವಾದ ಮಾತು ಅದೇ ಸೆಕ್ಷನ್ನಿನ ಕೊನೆಯಲ್ಲಿದೆ. ಹಾಗೆ ಅನಧಿಕೃತವಾಗಿ ಪಡೆದ ಮಾಹಿತಿಯನ್ನು ಯಾವ ಉದ್ದೇಶಕ್ಕೂ ಗಣನೆಗೆ ತೆಗೆದುಕೊಳ್ಳುವಂತಿಲ್ಲ.

ಆದರೆ ಇಲ್ಲೊಂದು ಕಂಡಿ ಇದೆ, ಎಲ್ಲರೂ ಅದರಲ್ಲೇ ನುಸುಳುವುದು. ನಿಮ್ಮ ರಿಪೋರ್ಟನ್ನು ನೀವೇ ತೆಗೆದು ನಿಮ್ಮ ಕೈಯಾರೆ ಯಾರಿಗೆ ಕೊಟ್ಟರೂ ಕಾನೂನಿನ ಅಡ್ಡಿಯಿಲ್ಲ. ‘ಕೊಡಿ’ ಎಂದು ಕೇಳಬಾರದು ಎನ್ನುವ ನಿಷೇಧವೂ ಇಲ್ಲ. ಹಾಗಾಗಿ ಮಾಲೀಕರು, ಎಚ್‌ಆರ್‌ನವರು ಸಿಬಿಲ್ ‘ನೋಡುವುದಿಲ್ಲ’, ನಿಮ್ಮಿಂದ ‘ತರಿಸಿಕೊಳ್ಳುತ್ತಾರೆ’. 2025ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಮೂರ್ತಿಜಾಪುರದಲ್ಲಿ ವರನ ಸಿಬಿಲ್ ನೋಡಿ ಹೆಣ್ಣಿನ ಕಡೆಯವರು ಸಂಬಂಧ ಬೇಡವೆಂದ ಸುದ್ದಿ ಎಲ್ಲೆಡೆ ಓಡಾಡಿತ್ತು. ಬೀಗರೂ ಆ ಪಟ್ಟಿಯಲ್ಲಿ ಇಲ್ಲ!

ಇನ್ನೊಂದು ಗೊಂದಲ ಅಮೆರಿಕದ ವಿಡಿಯೋಗಳಿಂದ ಬರುತ್ತದೆ. ಅಲ್ಲಿನ ಕಾನೂನು ಬೇರೆ. ಅಲ್ಲಿ ಲಿಖಿತ ಅನುಮತಿ ಪಡೆದು ಕೆಲಸ ಕೊಡುವವರು ರಿಪೋರ್ಟ್ ತರಿಸಬಹುದು, ಮನೆ ಮಾಲೀಕರು ತರಿಸಬಹುದು, ಹಲವು ರಾಜ್ಯಗಳಲ್ಲಿ ವಾಹನ ವಿಮೆಯ ಪ್ರೀಮಿಯಂ ಕೂಡ ಅದರ ಮೇಲೆ ನಿಂತಿದೆ. ಆ ಸಲಹೆಯನ್ನು ಪುಣೆಗೆ ತಂದರೆ ಕೆಲಸಕ್ಕೆ ಬರುವುದಿಲ್ಲ.

628 ಹೇಗಾಯಿತು

ರಿಪೋರ್ಟಿನಲ್ಲಿ ಮೂರು ಖಾತೆಗಳಿದ್ದವು. ಮುಗಿದ ಸ್ಕೂಟರ್ ಸಾಲ ಒಂದು, ಅದು ಶುದ್ಧ. ಈಗ ಬಳಸುತ್ತಿರುವ ಕ್ರೆಡಿಟ್ ಕಾರ್ಡ್ ಒಂದು, ಅದೂ ಶುದ್ಧ. ಮೂರನೆಯದು 2018ರಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ ಸಂಬಳದ ಖಾತೆಯ ಜೊತೆ ಬಂದ ಕಾರ್ಡ್. ಅದರ ಮುಂದೆ ‘ರಿಟನ್ ಆಫ್’ ಎಂದಿತ್ತು, ಮೊತ್ತ 5,480 ರೂಪಾಯಿ. ಬ್ಯಾಂಕು ವಸೂಲಿಯ ಆಸೆ ಬಿಟ್ಟು ಲೆಕ್ಕದಿಂದ ತೆಗೆದಿದೆ ಎಂದರ್ಥ. ಸಾಲ ಮನ್ನಾ ಆಗಿದೆ ಎಂದಲ್ಲ, ಈ ತಪ್ಪು ತಿಳಿವಳಿಕೆ ತುಂಬ ಜನರಿಗಿದೆ.

ಆ 5,480ರಲ್ಲಿ ಆಕೆ ಖರೀದಿಸಿದ್ದು ಒಂದು ರೂಪಾಯಿಯದೂ ಇಲ್ಲ. ಕೆಲಸ ಬಿಟ್ಟ ಮೇಲೆ ಕಾರ್ಡ್ ಬಳಸಲಿಲ್ಲ, ಮುಚ್ಚಿಸಲೂ ಇಲ್ಲ. ಮನೆ ಬದಲಾಯಿತು, ಮೊಬೈಲ್ ನಂಬರ್ ಬದಲಾಯಿತು. ಬ್ಯಾಂಕು ವರ್ಷದ ಶುಲ್ಕ 500 ರೂಪಾಯಿ ಹಾಕಿತು, 18 ಶೇಕಡಾ ಜಿಎಸ್‌ಟಿ ಸೇರಿ 590. ಬಾಕಿ 500 ದಾಟಿದ್ದರಿಂದ ಪ್ರತಿ ತಿಂಗಳು ಲೇಟ್ ಫೀ 500, ತೆರಿಗೆ ಸೇರಿ ಮತ್ತೆ 590. ಏಳು ತಿಂಗಳಿಗೆ ಅದೇ 4,130 ಆಯಿತು. ಉಳಿದ 760 ತಿಂಗಳಿಗೆ 3.5 ಶೇಕಡಾದ ಬಡ್ಡಿ ಮತ್ತು ಅದರ ಮೇಲಿನ ತೆರಿಗೆ. ಬಿಲ್ಲುಗಳು ಹಳೆಯ ಇಮೇಲಿಗೆ, ಎಸ್‌ಎಂಎಸ್‌ಗಳು ಯಾರದೋ ಫೋನಿಗೆ ಹೋಗುತ್ತಿದ್ದವು.

ಒಂದು ವರ್ಷಕ್ಕಿಂತ ಹೆಚ್ಚು ಬಳಸದ ಕಾರ್ಡನ್ನು ಗ್ರಾಹಕರಿಗೆ ತಿಳಿಸಿ, 30 ದಿನ ಉತ್ತರ ಬರದಿದ್ದರೆ ಬ್ಯಾಂಕೇ ಮುಚ್ಚಬೇಕು ಎನ್ನುವ ನಿಯಮ 2022ರ ಜುಲೈಯಿಂದ ಇದೆ. ಆದರೆ ಅದು ಬಾಕಿ ಇಲ್ಲದ ಕಾರ್ಡಿಗೆ. 590 ರೂಪಾಯಿ ಶುಲ್ಕ ಕೂತಿರುವ ಕಾರ್ಡ್ ತಾನಾಗಿ ಮುಚ್ಚುವುದಿಲ್ಲ. ನಾವೇ ಮುಚ್ಚಲು ಕೇಳಿಕೊಂಡರೆ, ಬಾಕಿ ತೀರಿಸಿದ್ದಲ್ಲಿ, 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ಕೊಡಬೇಕು.

ಮೊತ್ತ ಸಣ್ಣದಾದರೆ ಸ್ಕೋರಿಗೆ ಪೆಟ್ಟೂ ಸಣ್ಣದು ಎಂದುಕೊಳ್ಳುವಂತಿಲ್ಲ. ರಿಪೋರ್ಟ್ ಓದುವವರು 5,480 ಎಂದು ಓದುವುದಿಲ್ಲ, ‘ರಿಟನ್ ಆಫ್’ ಎಂದು ಓದುತ್ತಾರೆ. ಈ ಪ್ರಕರಣದ ಮುಂದಿನ ಎಲ್ಲ ಮಾತುಕತೆಯೂ ಸ್ಕೋರಿನ ಅಂಕಿಗಿಂತ ಹೆಚ್ಚಾಗಿ ಆ ಒಂದು ಸಾಲಿನ ಸುತ್ತ ನಡೆಯಿತು.

ಮನೆ ಮಾಲೀಕರು

ವಾಕಡ್‌ನ ಮನೆಗೆ ತಿಂಗಳಿಗೆ 24,000 ಬಾಡಿಗೆ, ಎರಡು ತಿಂಗಳ ಡಿಪಾಸಿಟ್. ಮಾಲೀಕರು ಅಕ್ಕಲಕೋಟೆ ಕಡೆಯ ನಿವೃತ್ತರು, ಮನೆಮಾತು ಕನ್ನಡ.

“ನಮ್ಮ ಕಡೀ ಹುಡುಗಿ ಖರೆ. ಆದ್ರ ನನ್ನ ಮಗ ಸಿಬಿಲ್ ನೋಡದ ಮನಿ ಕೊಡಬ್ಯಾಡ ಅಂದಾನವ್ವ.”

“ಕಾಕಾ, ಅದರಾಗ ನಾ ಬಾಡಗಿ ಬರೋಬರಿ ಕೊಟ್ಟೀನೋ ಇಲ್ಲೋ ಅನ್ನೂದ ಬರೂದಿಲ್ರಿ. ಹಿಂದಿನ ಮನಿ ಮಾಲಕರ ಕಡಿಂದ ಬರಿಸಿಕೊಂಡ ಬರ್ತೀನಿ, ಅದನ್ನ ನೋಡ್ರಿ.”

ಆಕೆ ಹೇಳಿದ್ದು ನಿಜ. ಸಾಮಾನ್ಯ ಮನೆ ಮಾಲೀಕರಿಗೆ ಬಾಡಿಗೆ ಬಾಕಿಯನ್ನು ಸಿಬಿಲ್‌ಗೆ ತಿಳಿಸುವ ದಾರಿಯಿಲ್ಲ. ಹತ್ತು ವರ್ಷ ಒಂದನೇ ತಾರೀಕಿಗೇ ಬಾಡಿಗೆ ಕೊಟ್ಟವರ ರಿಪೋರ್ಟಿನಲ್ಲೂ ಅದು ಕಾಣುವುದಿಲ್ಲ. ಆರು ತಿಂಗಳು ಬಾಡಿಗೆ ಮುಳುಗಿಸಿ ಓಡಿದವರ ಸ್ಕೋರ್ 800 ಇರಲೂ ಸಾಧ್ಯ.

ಆದರೆ ಕಾಣುವುದೇನು? ಪೂರ್ತಿ ರಿಪೋರ್ಟ್ ಕೊಟ್ಟರೆ ಮಾಲೀಕರ ಮಗನ ವಾಟ್ಸಾಪಿಗೆ ಹೋಗುವುದು ಪ್ಯಾನ್ ನಂಬರ್, ಹುಟ್ಟಿದ ದಿನ, ಈವರೆಗಿನ ವಿಳಾಸಗಳು, ಫೋನ್ ನಂಬರ್‌ಗಳು, ಪ್ರತಿ ಸಾಲದ ಮೊತ್ತ ಮತ್ತು ಬಾಕಿ, 36 ತಿಂಗಳ ಪಾವತಿಯ ಚಿತ್ರ, ಯಾವ ಬ್ಯಾಂಕಿನಲ್ಲಿ ಯಾವಾಗ ಎಷ್ಟು ಸಾಲ ಕೇಳಿದಿರಿ ಎನ್ನುವುದು. ನಿಮ್ಮ ಹೆಸರಲ್ಲಿ ಇನ್ನೊಬ್ಬರು ಸಾಲದ ಅರ್ಜಿ ತುಂಬಲು ಬೇಕಾದ ಸಾಮಗ್ರಿಯ ಮುಕ್ಕಾಲು ಪಾಲು ಆ ಒಂದು ಪಿಡಿಎಫ್‌ನಲ್ಲಿದೆ. ಬ್ರೋಕರ್ ಕೈಯಲ್ಲಿ ಅದನ್ನು ಕೊಡುವುದಂತೂ ಬೇಡವೇ ಬೇಡ.

ಮಾಲೀಕರ ಭಯ ಎರಡು: ಬಾಡಿಗೆ ನಿಂತರೆ ಏನು ಗತಿ, ಮನೆ ಬಿಡದಿದ್ದರೆ ಏನು ಗತಿ. ಎರಡಕ್ಕೂ ಸಿಬಿಲ್‌ಗಿಂತ ಗಟ್ಟಿ ಆಧಾರ ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲೇ ಇದೆ. ಅದರ 55ನೇ ಸೆಕ್ಷನ್ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು ನೋಂದಣಿ ಕಡ್ಡಾಯ, ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೇರೆ ಪುರಾವೆ ಬರುವತನಕ ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳಿದ್ದೇ ಸತ್ಯವೆಂದು ಎಣಿಸಲಾಗುತ್ತದೆ. ನೋಂದಣಿ ಆಗಿದ್ದರೆ 24ನೇ ಸೆಕ್ಷನ್ ಮಾಲೀಕರ ಪರ ನಿಲ್ಲುತ್ತದೆ. ಅವಧಿ ಮುಗಿದರೂ ಬಿಡದಿದ್ದರೆ ಸಕ್ಷಮ ಪ್ರಾಧಿಕಾರದ ಮುಂದೆ ಹೋಗಬಹುದು, ಅಲ್ಲಿಂದ ಮುಂದಿನ ದಿನಗಳಿಗೆ ಬಾಡಿಗೆಯ ದುಪ್ಪಟ್ಟು ಪರಿಹಾರ ಕೇಳಬಹುದು. 11 ತಿಂಗಳ ಕರಾರನ್ನು ನೋಟರಿ ಮಾಡಿಸಿ ಸುಮ್ಮನಾಗುವ ಮಾಲೀಕರು ಅದರ ಬದಲು ಸಿಬಿಲ್ ಕೇಳುವುದು ವಿಚಿತ್ರವೇ ಸರಿ.

ಆಕೆ ಕೊಟ್ಟ ಕಾಗದಗಳು ಇಷ್ಟು: ಹಡಪ್ಸರ್‌ನ ಮಾಲೀಕರು ‘ಬಾಡಿಗೆ ಬಾಕಿ ಇಲ್ಲ’ ಎಂದು ಸಹಿ ಹಾಕಿದ ಪತ್ರ ಮತ್ತು ಅಲ್ಲಿನ ನೋಂದಾಯಿತ ಕರಾರು, ಹೊಸ ಕೆಲಸದ ಆಫರ್ ಲೆಟರಿನ ಮೊದಲ ಪುಟ, ಮೂರು ತಿಂಗಳ ಸಂಬಳ ಜಮೆಯಾದ ಸಾಲುಗಳಷ್ಟೇ ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್. ಜೊತೆಗೆ ಇನ್ನೊಂದು ತಿಂಗಳ ಡಿಪಾಸಿಟ್ ಹೆಚ್ಚಿಗೆ ಕೊಡುವುದಾಗಿ ಒಪ್ಪಿದರು, ಅದು ಕರಾರಿನಲ್ಲಿ ಬರೆಯಬೇಕು ಎನ್ನುವ ಷರತ್ತಿನ ಮೇಲೆ. ಕಾಕಾ ಒಪ್ಪಿದರು. ಒಪ್ಪದಿದ್ದರೆ? ಮನೆ ಕೊಡಲೇಬೇಕೆಂದು ಹಿಡಿಯುವ ಹಾಗಿಲ್ಲ. ಯಾರಿಗೆ ಕೊಡಬೇಕೆನ್ನುವುದು ಅವರ ಮರ್ಜಿ. ಅಷ್ಟರಮಟ್ಟಿಗೆ ಕಾನೂನಿನ ರಕ್ಷಣೆಗೆ ಮಿತಿ ಇದೆ.

ಕೆಲಸ ಕೊಟ್ಟ ಕಂಪನಿ

ಈ ಪ್ರಕರಣದಲ್ಲಿ ನಿಜವಾಗಿ ಬಿಕ್ಕಟ್ಟಾಗಿದ್ದು ಇಲ್ಲಿ. ಆಫರ್ ಲೆಟರಿನಲ್ಲಿ ‘ಹಿನ್ನೆಲೆ ಪರಿಶೀಲನೆ ತೃಪ್ತಿಕರವಾಗಿದ್ದರೆ’ ಎಂಬ ಸಾಲಿತ್ತು. ಪರಿಶೀಲನೆ ಮಾಡುವ ಸಂಸ್ಥೆಯಿಂದ ಒಂದು ಲಿಂಕ್ ಬಂತು. ಪದವಿ ಪತ್ರ, ಹಿಂದಿನ ಕೆಲಸದ ರಿಲೀವಿಂಗ್ ಲೆಟರ್ ಹಾಕಿದ ಮೇಲೆ ಕೊನೆಯ ಪುಟದಲ್ಲಿ ಪ್ಯಾನ್ ಹಾಕಿ, ಮೊಬೈಲಿಗೆ ಬಂದ ಒಟಿಪಿ ಹಾಕಿ, ‘ಒಪ್ಪಿಗೆ ಇದೆ’ ಎಂಬ ಚೌಕಕ್ಕೆ ಟಿಕ್ ಮಾಡಬೇಕಿತ್ತು.

ಆ ಒಟಿಪಿ ಕೊಟ್ಟರೆ ಲೆಕ್ಕಕ್ಕೆ ನೀವೇ ನಿಮ್ಮ ರಿಪೋರ್ಟ್ ತೆಗೆದ ಹಾಗೆ. ಸ್ವಂತ ರಿಪೋರ್ಟ್ ತಾವೇ ನೋಡುವುದರಿಂದ ಸ್ಕೋರ್ ಇಳಿಯುವುದಿಲ್ಲ. ಸಾಲದ ಅರ್ಜಿಯ ಮೇಲೆ ಬ್ಯಾಂಕು ನೋಡಿದಾಗ ಮಾತ್ರ ಅದು ವಿಚಾರಣೆಯಾಗಿ ದಾಖಲಾಗುತ್ತದೆ. ಅಂಥವು ಮೇಲಿಂದ ಮೇಲೆ ಬಂದರೆ ಸ್ಕೋರ್ ಕುಗ್ಗುತ್ತದೆ. ಎಡವಟ್ಟಾಗುವುದು ಹೀಗೆ: ಕೆಲವು ‘ಉಚಿತ ಸ್ಕೋರ್’ ಆ್ಯಪ್‌ಗಳು ಸಾಲ ಮಾರುವವರವೇ ಆಗಿರುತ್ತವೆ, ಎರಡನೆಯ ಟಿಕ್‌ನಲ್ಲಿ ಸಾಲದ ಅರ್ಜಿಗೂ ಒಪ್ಪಿಗೆ ಅಡಗಿರುತ್ತದೆ. ಪತ್ತೆ ಹಚ್ಚುವುದು ಸುಲಭ. ರಿಪೋರ್ಟಿನ ಕೊನೆಯ ಭಾಗದಲ್ಲಿ ವಿಚಾರಣೆಗಳ ಪಟ್ಟಿ ಇರುತ್ತದೆ, ಪ್ರತಿಯೊಂದಕ್ಕೂ ಸಂಸ್ಥೆಯ ಹೆಸರು, ದಿನಾಂಕ, ಉದ್ದೇಶ, ಮೊತ್ತ. ನೀವು ಕೇಳದ ‘ಪರ್ಸನಲ್ ಲೋನ್’ ಅಲ್ಲಿ ಕಂಡರೆ ಆ ಟಿಕ್ ಮಾಡಿದ ಕೆಲಸ ಎಂದು ತಿಳಿಯಿರಿ. ರಿಪೋರ್ಟನ್ನು ಯಾವುದೇ ಸಂಸ್ಥೆ ನೋಡಿದಾಗ ಎಸ್‌ಎಂಎಸ್ ಅಥವಾ ಇಮೇಲ್ ಕಳಿಸಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಆದರೆ ಅದು ಬರುವುದು ರಿಪೋರ್ಟಿನಲ್ಲಿರುವ ನಂಬರಿಗೆ. ಆಕೆಯದು ಹಳೆಯ ನಂಬರ್ ಆಗಿತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕೆಲಸ ಕೊಟ್ಟದ್ದು ಫೈನಾನ್ಸ್ ಕಂಪನಿ. ಅಂದರೆ ಸಾಲ ಕೊಡುವ ಸಂಸ್ಥೆಯಾಗಿ ಅದಕ್ಕೆ ಸಿಬಿಲ್ ನೋಡುವ ವ್ಯವಸ್ಥೆ ಈಗಾಗಲೇ ಇದೆ. ಆದರೆ ಆ ಕೀಲಿ ಸಿಕ್ಕಿರುವುದು ಸಾಲಗಾರರನ್ನು ಅಳೆಯಲು. ನೇಮಕಾತಿಗೆ ಬೇಕಾದರೆ ಅಭ್ಯರ್ಥಿಯ ಸ್ಪಷ್ಟ ಒಪ್ಪಿಗೆ ಪಡೆದು, ಅಭ್ಯರ್ಥಿಯ ಮೂಲಕವೇ ತರಿಸಿಕೊಳ್ಳುವುದು ಸರಿಯಾದ ದಾರಿ. ಸೇರುವ ಮುನ್ನ ಸಹಿ ಹಾಕುವ ಕಾಗದದಲ್ಲಿ ‘ಕೆಲಸದ ಅವಧಿಯುದ್ದಕ್ಕೂ ಯಾವಾಗ ಬೇಕಾದರೂ’ ಎಂಬ ಒಪ್ಪಿಗೆ ಇದೆಯೇ ಎಂದು ನೋಡಬೇಕು. ಆಕೆ ಅದನ್ನು ‘ಈ ನೇಮಕಾತಿಗೆ ಮಾತ್ರ’ ಎಂದು ಬದಲಿಸಿಕೊಡಿ ಎಂದು ಮೇಲ್ ಬರೆದರು, ಎಚ್‌ಆರ್ ತಕರಾರಿಲ್ಲದೆ ಬದಲಿಸಿತು. ಕೇಳಿದರೆ ಆಗುವ ಕೆಲಸ ಇದು, ಕೇಳುವವರೇ ಕಡಿಮೆ.

ನಾಲ್ಕು ದಿನದ ಮೇಲೆ ಎಚ್‌ಆರ್‌ನಿಂದ ಉತ್ತರ ಬಂತು: ರಿಟನ್ ಆಫ್ ಖಾತೆಗೆ ಐದು ಕೆಲಸದ ದಿನಗಳಲ್ಲಿ ವಿವರಣೆ ಕೊಡಿ. 628ರ ಬಗ್ಗೆ ಒಂದು ಮಾತೂ ಇರಲಿಲ್ಲ. ಹಣ ನಿರ್ವಹಿಸುವ ಹುದ್ದೆಗಳಲ್ಲಿ ಎಚ್‌ಆರ್ ಹುಡುಕುವುದು ಬೆರಳೆಣಿಕೆಯ ಗುರುತುಗಳನ್ನು: ರಿಟನ್ ಆಫ್, ಸೆಟಲ್ಡ್, ಕೋರ್ಟಿನಲ್ಲಿ ದಾವೆ, ಉದ್ದೇಶಪೂರ್ವಕ ಸುಸ್ತಿ. ಸಾಫ್ಟ್‌ವೇರ್ ಕಂಪನಿ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ಬಹುಪಾಲು ಹುದ್ದೆಗಳಿಗೆ ಇದನ್ನು ಕೇಳುವುದೇ ಇಲ್ಲ.

ಸರ್ಕಾರಿ ಬ್ಯಾಂಕುಗಳ ಸಂಗತಿ ಇನ್ನೂ ಬಿಗಿ, ಏಕೆಂದರೆ ಅಲ್ಲಿ ಷರತ್ತು ನೇಮಕಾತಿ ಪ್ರಕಟಣೆಯಲ್ಲೇ ಅಚ್ಚಾಗಿರುತ್ತದೆ. ಬ್ಯಾಂಕುಗಳಿಗೆ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಪ್ರಕಟಣೆಗಳಲ್ಲಿ ಸಿಬಿಲ್ ಸರಿಪಡಿಸಿಕೊಳ್ಳಿ ಅಥವಾ ಸಾಲ ಕೊಟ್ಟವರಿಂದ ಬಾಕಿ ಇಲ್ಲವೆಂಬ ಪತ್ರ ತನ್ನಿ, ಇಲ್ಲದಿದ್ದರೆ ಆಫರ್ ರದ್ದಾಗಬಹುದು ಎಂದಿರುತ್ತದೆ. ಎಸ್‌ಬಿಐ ಪ್ರಕಟಣೆಯ ಮಾತು ಅದಕ್ಕಿಂತ ಕಠಿಣ: ಸಾಲ ಅಥವಾ ಕಾರ್ಡಿನಲ್ಲಿ ಸುಸ್ತಿಯಾದ ದಾಖಲೆ ಇದ್ದರೆ ನೇಮಕಾತಿಗೆ ಅರ್ಹತೆಯೇ ಇಲ್ಲ. ಹೀಗೆ ನೇಮಕಾತಿ ರದ್ದಾದ ಅಭ್ಯರ್ಥಿಯೊಬ್ಬರು ಮದ್ರಾಸ್ ಹೈಕೋರ್ಟಿಗೆ ಹೋದರು, ಬಾಕಿ ಎಲ್ಲ ತೀರಿಸಿದ್ದೇನೆ ಎಂದು ವಾದಿಸಿದರು. 2025ರ ಜೂನ್‌ನಲ್ಲಿ ಕೋರ್ಟು ಬ್ಯಾಂಕಿನ ನಿರ್ಧಾರವನ್ನೇ ಎತ್ತಿಹಿಡಿಯಿತು. ಅಂದರೆ ಒಂದು ಕಡೆ ಬಾಕಿ ತೀರಿಸಿದ ಪತ್ರ ಸಾಕು, ಇನ್ನೊಂದು ಕಡೆ ಹಿಂದೆ ತಪ್ಪಿದ್ದೇ ಮುಳುವು. ಪ್ರಕಟಣೆಯ ಆ ಒಂದು ಪ್ಯಾರಾ ಓದದೆ ಫಾರ್ಮ್ ತುಂಬಬಾರದು.

ಐದು ದಿನದಲ್ಲಿ ಮಾಡಿದ್ದೇನು

ಮೊದಲ ದಿನ ಬ್ಯಾಂಕಿಗೆ ಈಗಿನ ನಂಬರಿನಿಂದ ವಿಚಾರಿಸಿದ ಕೂಡಲೇ ಫೋನ್ ಬಂತು, ವಸೂಲಿ ಏಜೆಂಟನದು. 2,700 ಕೊಡಿ, ಫೈಲ್ ಮುಚ್ಚಿಸುತ್ತೇನೆ ಎಂದ. ಅರ್ಧಕ್ಕೆ ಮುಗಿಯುತ್ತದಲ್ಲ ಎಂದು ಯಾರಿಗಾದರೂ ಅನಿಸಬೇಕು. ಆದರೆ ಕಡಿಮೆ ಕೊಟ್ಟು ಮುಗಿಸಿದ ಖಾತೆ ರಿಪೋರ್ಟಿನಲ್ಲಿ ‘ಸೆಟಲ್ಡ್’ ಎಂದು ಬರುತ್ತದೆ. ಪೂರ್ತಿ ಕೊಟ್ಟರೆ ರಿಟನ್ ಆಫ್ ನಂತರ ಮುಚ್ಚಿದ ಖಾತೆ ಎಂದು, ಬಾಕಿ ಸೊನ್ನೆ ಎಂದು ಬರುತ್ತದೆ. ಮೊದಲನೆಯದು ‘ಪೂರ್ತಿ ಕೊಡಲಿಲ್ಲ’ ಎಂದು ಸಾರುತ್ತದೆ, ಎರಡನೆಯದು ‘ತಡವಾಗಿಯಾದರೂ ಕೊಟ್ಟರು’ ಎಂದು. ಉಳಿಯುವ 2,780 ರೂಪಾಯಿಗಾಗಿ ಮೊದಲನೆಯದನ್ನು ಆರಿಸಿಕೊಳ್ಳುವುದು ಪೆದ್ದುತನ. ಸಾಲ ಲಕ್ಷಗಟ್ಟಲೆ ಇದ್ದು ಕೈಯಲ್ಲಿ ಹಣವೇ ಇಲ್ಲದವರ ಲೆಕ್ಕ ಬೇರೆ.

ಹಣ ಕೊಡುವ ಮುನ್ನ ಒಂದು ವಿಷಯ ಖಚಿತವಾಗಬೇಕು: ಸಾಲ ಇನ್ನೂ ಬ್ಯಾಂಕಿನ ಹತ್ತಿರವೇ ಇದೆಯೇ, ಬೇರೆ ಕಂಪನಿಗೆ ಮಾರಿದೆಯೇ? ಮಾರಿದ್ದರೆ ಬ್ಯಾಂಕಿಗೆ ಕಟ್ಟಿದ ಹಣ ನೀರಿಗೆ ಹಾಕಿದಂತೆ. ಆಕೆ ಬ್ಯಾಂಕಿನ ದೂರು ವಿಭಾಗಕ್ಕೆ ಕಾರ್ಡಿನ ಕೊನೆಯ ನಾಲ್ಕು ಅಂಕಿ ಹಾಕಿ ಮೇಲ್ ಮಾಡಿದರು: ಇಂದಿನ ಪೂರ್ತಿ ಬಾಕಿ ಎಷ್ಟು, ಯಾವ ಖಾತೆಗೆ ಕಟ್ಟಬೇಕು, ಲಿಖಿತವಾಗಿ ತಿಳಿಸಿ. ಮರುದಿನ ಉತ್ತರ ಬಂತು, 5,480 ಎಂದೇ. ಏಜೆಂಟನ ಯುಪಿಐಗೆ ಹಾಕದೆ, ಬ್ಯಾಂಕು ಹೇಳಿದ ಕಾರ್ಡ್ ಖಾತೆಗೆ ನೆಫ್ಟ್ ಮಾಡಿದರು. ಮೂರನೆಯ ದಿನ ‘ಬಾಕಿ ಇಲ್ಲ’ ಪ್ರಮಾಣಪತ್ರ ಕೇಳಿದರು, ನಾಲ್ಕನೆಯ ದಿನ ಅದು ಮೇಲ್‌ನಲ್ಲಿ ಬಂತು. ಎಲ್ಲ ಕಡೆ ಇಷ್ಟು ಬೇಗ ಆಗುವುದಿಲ್ಲ. ಆಗದಿದ್ದರೆ ಆ ಪಾವತಿಯ ಗುರುತಾದ ನೆಫ್ಟ್‌ನ ಯುಟಿಆರ್ ನಂಬರ್ ಮತ್ತು ಬ್ಯಾಂಕಿನ ಮೇಲನ್ನೇ ಎಚ್‌ಆರ್‌ಗೆ ಕಳಿಸಿ ಸಮಯ ಕೇಳಬೇಕು.

ಎಚ್‌ಆರ್‌ಗೆ ಬರೆದ ವಿವರಣೆ ಅರ್ಧ ಪುಟ. ಬಳಸದ ಕಾರ್ಡಿನ ವಾರ್ಷಿಕ ಶುಲ್ಕ 590, ಅದರ ಮೇಲಿನ ಲೇಟ್ ಫೀ, ಕಟ್ಟಿದ ದಿನಾಂಕ, ಯುಟಿಆರ್, ಪ್ರಮಾಣಪತ್ರ ಲಗತ್ತು. ಬ್ಯಾಂಕಿನ ಮೇಲೆ ಆರೋಪವಿಲ್ಲ, ಕಣ್ಣೀರಿಲ್ಲ. ಜೊತೆಗೆ ಇಟ್ಟದ್ದು ಸ್ಕೂಟರ್ ಸಾಲದ ಪಾವತಿ ಭಾಗ, ಪ್ರತಿ ತಿಂಗಳೂ ತಡ ಸೊನ್ನೆ ದಿನ ಎಂದು ತೋರಿಸುವ ಸಾಲು. ಕಂಪನಿ ಸೇರುವ ದಿನಾಂಕವನ್ನು ಖಚಿತಪಡಿಸಿತು. ಸ್ಕೋರ್ ಆ ಹೊತ್ತಿಗೂ 628ರಲ್ಲೇ ಇತ್ತು.

‘ಆ ಸಾಲನ್ನೇ ಅಳಿಸಿಸುತ್ತೇವೆ’ ಎಂದು ಹೇಳಿ 8–10 ಸಾವಿರ ಕೇಳುವ ಸ್ಕೋರ್ ರಿಪೇರಿಯವರ ಮಾತು ನಂಬಬಾರದು. ನಿಜವಾಗಿ ಇದ್ದ ಬಾಕಿಯ ದಾಖಲೆ ಅಳಿಯುವುದಿಲ್ಲ, ಮಾಹಿತಿ ಕಂಪನಿಗಳು ಅದನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳುತ್ತವೆ. ಅವರು ಮಾಡುವುದಿಷ್ಟೆ: ತಪ್ಪಿದೆ ಎಂದು ತಕರಾರು ಹಾಕುವುದು. ತಕರಾರು ವಿಚಾರಣೆಯಲ್ಲಿರುವಷ್ಟು ದಿನ ಅದರ ಮುಂದೆ ಹಾಗೆಂದು ಗುರುತು ಬೀಳುತ್ತದೆ. ಬ್ಯಾಂಕು ‘ಮಾಹಿತಿ ಸರಿಯಿದೆ’ ಎಂದ ಕೂಡಲೇ ಮೊದಲಿನಂತೆ. ಅಷ್ಟರಲ್ಲಿ ಅವರ ಫೀ ಜೇಬು ಸೇರಿರುತ್ತದೆ.

ತಕರಾರು ನಿಜವಾಗಿ ಬೇಕಾಗುವುದು ಹಣ ಕಟ್ಟಿದ ನಂತರವೂ ರಿಪೋರ್ಟ್ ಬದಲಾಗದಿದ್ದರೆ. ಬ್ಯಾಂಕುಗಳು 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು. ಹಾಗಾಗಿ ಒಂದು ತಿಂಗಳು ಕಾದು ಹೊಸ ರಿಪೋರ್ಟ್ ತೆಗೆದು ನೋಡಬಹುದು. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು, ಒಂದರಲ್ಲಿ ಉಚಿತ ಮುಗಿದಿದ್ದರೆ ಇನ್ನೊಂದರಲ್ಲಿ ತೆಗೆಯಿರಿ. ಆಕೆಯದು ಸಿಬಿಲ್‌ನಲ್ಲಿ ಬದಲಾಯಿತು, ಇನ್ನೊಂದರಲ್ಲಿ ರಿಟನ್ ಆಫ್ ಹಾಗೇ ಉಳಿಯಿತು. ಇದು ಅಪರೂಪವಲ್ಲ. ಆ ರಿಪೋರ್ಟಿನ ಮೇಲೆ ಮುದ್ರಿಸಿದ ನಂಬರ್ ಹಾಕಿ, ಪ್ರಮಾಣಪತ್ರ ಸೇರಿಸಿ, ಆ ಕಂಪನಿಯ ಜಾಲತಾಣದಲ್ಲೇ ತಕರಾರು ದಾಖಲಿಸಿದರು. ಅದಕ್ಕೆ ಶುಲ್ಕವಿಲ್ಲ. 30 ದಿನದೊಳಗೆ ಇತ್ಯರ್ಥವಾಗಬೇಕು, ಅದರಲ್ಲಿ ಬ್ಯಾಂಕಿಗೆ 21 ದಿನ. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಇದು 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಆಗಲೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಬಹುದು. ಮಾಹಿತಿ ಕಂಪನಿಗಳ ವಿರುದ್ಧವೂ ಅಲ್ಲಿ ದೂರು ಕೊಡುವ ಅವಕಾಶ 2022ರ ಸೆಪ್ಟೆಂಬರ್‌ನಿಂದ ಇದೆ. ಇದೇ ಹೊತ್ತಿಗೆ ಹಳೆಯ ಮೊಬೈಲ್ ನಂಬರ್ ಬದಲಿಸಲು ಈಗಿನ ಕಾರ್ಡಿನ ಬ್ಯಾಂಕಿಗೆ ಅರ್ಜಿ ಕೊಟ್ಟರು. ನಂಬರ್ ಬದಲಾಯಿಸಬೇಕಾದದ್ದು ಬ್ಯಾಂಕಿನಲ್ಲಿ, ಅಲ್ಲಿಂದ ಅದು ರಿಪೋರ್ಟಿಗೆ ಇಳಿಯುತ್ತದೆ.

ವಿಮಾ ಕಂಪನಿ

ಮೂವರಲ್ಲಿ ನೇರವಾಗಿ ನೋಡುವ ಹಕ್ಕಿರುವುದು ಇವರೊಬ್ಬರಿಗೆ. ಟರ್ಮ್ ವಿಮೆಯ ಪ್ರಪೋಸಲ್ ಫಾರ್ಮಿನ ಘೋಷಣೆಯಲ್ಲಿ ಕ್ರೆಡಿಟ್ ಮಾಹಿತಿ ಪಡೆಯಲು ಒಪ್ಪಿಗೆ ಇರುವುದು ಈಗ ಸಾಮಾನ್ಯ. ಹಾಗಾದರೆ ಪಿಡಿಎಫ್ ಕೇಳುವುದೇಕೆ? ಕೇಳಿದ್ದು ಏಜೆಂಟ್, ಕಂಪನಿಯಲ್ಲ. ಆಕೆ ಕೊಡಲಿಲ್ಲ. ಕಂಪನಿ ಬೇಕಾದರೆ ತಾನೇ ನೋಡಿಕೊಳ್ಳಲಿ ಎಂದರು.

ವಿಮಾ ಕಂಪನಿಗೆ ಇದು ಬೇಕಾಗುವುದು ನೀವು ಹೇಳಿದ ಆದಾಯಕ್ಕೆ 1 ಕೋಟಿಯ ಕವರ್ ಹೊಂದುತ್ತದೆಯೇ ಎಂದು ಅಳೆಯಲು. ಒಳ್ಳೆಯ ಸ್ಕೋರ್ ಇದ್ದವರಿಗೆ ಸಂಬಳದ ಕಾಗದ ಕೇಳದೆಯೇ ಪಾಲಿಸಿ ಕೊಡುವುದುಂಟು. ಸ್ಕೋರ್ ಕಡಿಮೆ ಇದ್ದರೆ ಆ ಸುಲಭದ ದಾರಿ ಮುಚ್ಚುತ್ತದೆ, ಕಾಗದದ ದಾರಿ ತೆರೆದೇ ಇರುತ್ತದೆ. ಆಕೆಗೂ ಹಾಗೇ ಆಯಿತು. ಫಾರ್ಮ್ 16, ಮೂರು ತಿಂಗಳ ಸ್ಯಾಲರಿ ಸ್ಲಿಪ್, ಹೊಸ ಆಫರ್ ಲೆಟರ್, ವೈದ್ಯಕೀಯ ಪರೀಕ್ಷೆ ಕೇಳಿದರು. ಹಳೆಯ ಸಂಬಳದ ಫಾರ್ಮ್ 16 ಆಧಾರದ ಮೇಲೆ ಮೊದಲು 75 ಲಕ್ಷಕ್ಕೆ ಒಪ್ಪಿದರು. ಹೊಸ ಸಂಬಳದ ಮೊದಲ ಸ್ಲಿಪ್ ಕಳಿಸಿದ ಮೇಲೆ 1 ಕೋಟಿ ಆಯಿತು. ಸ್ಕೋರ್ ಕಡಿಮೆ ಎಂದು ಪ್ರೀಮಿಯಂ ದರ ಬದಲಾಗಲಿಲ್ಲ. ಅದನ್ನು ಏರಿಸಿ ಇಳಿಸುವುದು ವಯಸ್ಸು, ಆರೋಗ್ಯ, ತಂಬಾಕು.

ಆರೋಗ್ಯ ವಿಮೆ, ಸ್ಕೂಟರ್ ವಿಮೆಯ ದರ ನಮ್ಮಲ್ಲಿ ಸಿಬಿಲ್ ಮೇಲೆ ನಿಂತಿಲ್ಲ. ಸ್ಕೋರ್ ಕಡಿಮೆ ಎಂದು ಕ್ಲೇಮ್ ತಿರಸ್ಕರಿಸುವಂತೆಯೂ ಇಲ್ಲ. ಅಪಾಯ ಇರುವುದು ಫಾರ್ಮಿನಲ್ಲಿ ಆದಾಯ ಉಬ್ಬಿಸಿ ಬರೆಯುವುದರಲ್ಲಿ. 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೂರು ವರ್ಷ ಕಳೆದ ಮೇಲೆ ಜೀವ ವಿಮಾ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಅದರೊಳಗೆ ಕ್ಲೇಮ್ ಬಂದರೆ ಹೇಳಿದ್ದಕ್ಕೂ ಕಾಗದಕ್ಕೂ ತಾಳೆ ನೋಡುತ್ತಾರೆ. ಏಜೆಂಟ್ 9 ಲಕ್ಷವನ್ನು 12 ಎಂದು ತುಂಬಿದ್ದನ್ನು ಆಕೆ ಸಹಿಗೆ ಮುನ್ನ ತಿದ್ದಿಸಿದ್ದರು.

628 ನಿಜವಾಗಿ ಕಚ್ಚುವುದು ಎಲ್ಲಿ

ಮನೆ, ಕೆಲಸ, ವಿಮೆ ಮೂರೂ ದಾಟಿದವು. ದಾಟದೆ ಉಳಿದದ್ದು ಸಾಲ. ಅದೇ ವರ್ಷ ತಾಥವಡೆ ಕಡೆ 30 ಲಕ್ಷ ಸಾಲದಲ್ಲಿ ಫ್ಲ್ಯಾಟ್ ಕೊಳ್ಳುವ ಯೋಚನೆ ಆಕೆಗಿತ್ತು. ಬ್ಯಾಂಕುಗಳು ಮನೆ ಸಾಲದ ದರಕ್ಕೆ ಸ್ಕೋರನ್ನು ಕಟ್ಟಿಹಾಕಿರುತ್ತವೆ. ಉದಾಹರಣೆಗೆ, ಒಳ್ಳೆಯ ಸ್ಕೋರಿಗೆ 8.5 ಶೇಕಡಾ, ಕಡಿಮೆ ಸ್ಕೋರಿಗೆ 9.25 ಎಂದುಕೊಳ್ಳಿ. 20 ವರ್ಷಕ್ಕೆ ಕಂತು ಮೊದಲನೆಯದರಲ್ಲಿ ಸುಮಾರು 26,035, ಎರಡನೆಯದರಲ್ಲಿ ಸುಮಾರು 27,476. ತಿಂಗಳಿಗೆ 1,441ರ ವ್ಯತ್ಯಾಸ, 240 ಕಂತಿಗೆ 3.45 ಲಕ್ಷ ದಾಟುತ್ತದೆ. ಅದೂ ಸಾಲ ಸಿಕ್ಕರೆ. ರಿಟನ್ ಆಫ್ ಗುರುತು ಹಸಿಯಾಗಿರುವಾಗ ಅರ್ಜಿ ತಿರಸ್ಕಾರವಾಗುವ ಸಂಭವವೇ ಹೆಚ್ಚು. ತಿರಸ್ಕಾರವಾದ ಪ್ರತಿ ಅರ್ಜಿಯೂ ಇನ್ನೊಂದು ವಿಚಾರಣೆಯಾಗಿ ದಾಖಲಾಗುತ್ತದೆ.

ಆದ್ದರಿಂದ ಫ್ಲ್ಯಾಟಿನ ಬ್ರೋಕರ್ ‘ಐದು ಬ್ಯಾಂಕಿಗೆ ಹಾಕೋಣ, ಯಾವುದಾದರೂ ಒಪ್ಪುತ್ತೆ’ ಎಂದಾಗ ಆಕೆ ಬೇಡವೆಂದರು. ಇರುವ ಒಂದು ಕಾರ್ಡನ್ನು ಮಿತಿಯ ಮೂರನೇ ಒಂದು ಭಾಗದೊಳಗೆ ಬಳಸಿ, ಪೂರ್ತಿ ಬಿಲ್ಲನ್ನು ಆಟೋ ಡೆಬಿಟ್‌ಗೆ ಹಾಕಿ, ಹೊಸ ಅರ್ಜಿ ಒಂದೂ ಹಾಕದೆ ಒಂದು ವರ್ಷ ಬಿಟ್ಟರು. ಫ್ಲ್ಯಾಟಿನ ಟೋಕನ್ ಹಣ ಕೊಟ್ಟಿರಲಿಲ್ಲವಾದ್ದರಿಂದ ಕಾಯುವುದಕ್ಕೆ ಖರ್ಚೇನೂ ಬೀಳಲಿಲ್ಲ, ವಾಕಡ್‌ನ ಕರಾರನ್ನು ಇನ್ನೊಂದು ಅವಧಿಗೆ ನೋಂದಣಿ ಮಾಡಿಸುವ ವೆಚ್ಚ ಬಿಟ್ಟು.